ಲಿಮಿಟ್ ಅಂದರೆ ಮುಟ್ಟಬಾರದ ಗೆರೆಯೇ?

ಪ್ರಶ್ನೆ: ಹೈಸ್ಕೂಲು ಮುಗಿಯುವವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಎಸ್ಸಿ. ಗಣಿತಕ್ಕೆ ಸೇರಿದ್ದೇನೆ ಸರ್. ಲಿಮಿಟ್ ಅಂದರೆ ಮಿತಿ. ಫಂಕ್ಷನ್ ಅದರ ಹತ್ತಿರ ಹತ್ತಿರ ಹೋಗುತ್ತದೆ, ಆದರೆ ಎಂದೂ ಮುಟ್ಟುವುದಿಲ್ಲ, ದಾಟುವುದಿಲ್ಲ ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಹತ್ತಿರ ಹೋಗುತ್ತದೆ ಎಂಬಷ್ಟು ಸರಿ. ಮುಟ್ಟುವುದಿಲ್ಲ, ದಾಟುವುದಿಲ್ಲ ಎಂಬೆರಡೂ ತಪ್ಪು. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ, ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಅದೇ ವಾಕ್ಯ ಮತ್ತೆ ಎದುರಾಗುತ್ತದೆ. ಅದಕ್ಕೇ ಈ ಸಲ ನಿಧಾನವಾಗಿ ಬರೆಯುತ್ತಿದ್ದೇನೆ.

ಅರ್ಧ ತಪ್ಪು ನಮ್ಮ ಮಾತಿನಿಂದಲೇ ಬರುತ್ತದೆ. ‘ಮಿತಿ ಮೀರಬೇಡ’ ಎಂದು ಕೇಳಿಕೊಂಡೇ ಬೆಳೆದವರಿಗೆ ಮಿತಿ ಎಂದರೆ ಬೇಲಿ. ಇನ್ನರ್ಧ ಪುಸ್ತಕದ ಮೊದಲ ಉದಾಹರಣೆಯಿಂದ. ಎಲ್ಲರೂ ಮಾಡುವ ಲೆಕ್ಕ ಇದು:

f(x) = (x² − 9)/(x − 3)

x ಗೆ 3 ಹಾಕಿದರೆ 0/0, ಬೆಲೆಯೇ ಇಲ್ಲ. 2.9 ಹಾಕಿದರೆ 5.9, 2.99 ಹಾಕಿದರೆ 5.99. ಹಾಗಾಗಿ ಲಿಮಿಟ್ 6, ಆದರೆ 6 ಸಿಗುವುದಿಲ್ಲ. ವಿದ್ಯಾರ್ಥಿ ಇಲ್ಲಿಗೇ ನಿಲ್ಲಿಸಿ, ಸಿಗದೇ ಇರುವುದೇ ಲಿಮಿಟ್‌ನ ಗುಣ ಎಂದು ತೀರ್ಮಾನಿಸುತ್ತಾನೆ. ಬಲಗಡೆಯಿಂದಲೂ ಬಂದು ನೋಡಿ: 3.1 ಹಾಕಿದರೆ 6.1, 3.01 ಹಾಕಿದರೆ 6.01. ಇವು 6ಕ್ಕಿಂತ ಹೆಚ್ಚು. ಬೇಲಿಯ ಆಚೆಗೂ ಬೆಲೆಗಳಿವೆ ಎಂದಮೇಲೆ ಅದು ಬೇಲಿಯಲ್ಲ.

ಇನ್ನು ಮುಟ್ಟುವ ಮಾತು. g(x) = x + 3 ತೆಗೆದುಕೊಳ್ಳಿ. x ಮೂರಕ್ಕೆ ಹೋದಾಗ ಇದರ ಲಿಮಿಟ್ಟೂ 6, g(3) ಕೂಡ 6. ಮುಟ್ಟಿತು, ಏನೂ ಕೆಡಲಿಲ್ಲ. ಹೀಗೆ ಲಿಮಿಟ್ಟೂ ಬೆಲೆಯೂ ಒಂದೇ ಆಗುವುದಕ್ಕೇ ಕಂಟಿನ್ಯುಯಸ್ ಎನ್ನುವುದು. h(x) = 5 ಎಂಬ ಕಾನ್‌ಸ್ಟಂಟ್ ಫಂಕ್ಷನ್ ಅಂತೂ ಸದಾ ತನ್ನ ಲಿಮಿಟ್ ಮೇಲೆಯೇ ಕೂತಿರುತ್ತದೆ. x·sin(1/x) ನೋಡಿ: x ಸೊನ್ನೆಗೆ ಹೋಗುವಾಗ ಲಿಮಿಟ್ 0. ಆದರೆ x = 2/π ಆದಾಗ ಬೆಲೆ ಸುಮಾರು 0.64, 1/π ಆದಾಗ ಸರಿಯಾಗಿ 0, 2/(3π) ಆದಾಗ ಸುಮಾರು −0.21. ಮೇಲೆ ಕೆಳಗೆ ಆಡುತ್ತಾ ಲಿಮಿಟ್ಟನ್ನು ಲೆಕ್ಕವಿಲ್ಲದಷ್ಟು ಸಲ ದಾಟುತ್ತದೆ, ಆಟದ ಎತ್ತರ ಮಾತ್ರ ಕುಗ್ಗುತ್ತಾ ಬರುತ್ತದೆ.

ಇಷ್ಟಕ್ಕೂ ಡೆಫಿನಿಷನ್ನಿನಲ್ಲೇ ಉತ್ತರವಿದೆ, ಬಾಯಿಪಾಠ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ:

0 < |x − a| < δ ಆದರೆ |f(x) − L| < ε

ಎಡಗಡೆ ‘0 <’ ಇದೆ, ಬಲಗಡೆ ಇಲ್ಲ. ಎಂದರೆ x ಮಾತ್ರ a ಆಗುವಂತಿಲ್ಲ. f(x) ಬೇಕಾದರೆ L ಆಗಬಹುದು. x ಮೇಲಿನ ನಿರ್ಬಂಧವನ್ನು f(x) ತಲೆಗೆ ಕಟ್ಟಿದ್ದೇ ಈ ತಪ್ಪಿನ ಮೂಲ. ನಮ್ಮ ಮೊದಲ ಲೆಕ್ಕದಲ್ಲಿ |f(x) − 6| ಎಂದರೆ |x − 3| ಅಷ್ಟೆ. ಯಾರಾದರೂ ε = 0.01 ಕೊಟ್ಟರೆ δ = 0.01 ಸಾಕು.

ಈ ತಪ್ಪನ್ನು ತಲೆಯಲ್ಲಿ ಇಟ್ಟುಕೊಂಡರೆ ಚೈನ್ ರೂಲ್ ಪ್ರೂಫಿನಲ್ಲಿ ಎಡವುತ್ತೀರಿ. Δy/Δx = (Δy/Δu)·(Δu/Δx) ಎಂದು ಬರೆದು, ‘Δu ಸೊನ್ನೆಯ ಹತ್ತಿರ ಹೋಗುತ್ತದೆ, ಆದ್ದರಿಂದ ಸೊನ್ನೆಯಲ್ಲ’ ಎಂದುಬಿಡುತ್ತೀರಿ. u ಕಾನ್‌ಸ್ಟಂಟ್ ಆಗಿದ್ದರೆ Δu ಎಲ್ಲ ಕಡೆಯೂ ಸೊನ್ನೆಯೇ, ಭಾಗಿಸುವಂತೆಯೇ ಇಲ್ಲ.

ನೀವು ಮನಸ್ಸಿನಲ್ಲಿಟ್ಟುಕೊಂಡ ‘ಮೀರದ ಗೆರೆ’ಗೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ: ಬೌಂಡ್. ಅಪ್ಪರ್ ಬೌಂಡ್ ಎಂದರೆ ಮೇಲೆ ದಾಟದ ಬೆಲೆ. ಆದರೆ ಇಂಟಿಗ್ರಲ್ ಚಿಹ್ನೆಯ ಮೇಲೆ ಕೆಳಗೆ ಬರೆಯುವ ಅಪ್ಪರ್ ಲಿಮಿಟ್, ಲೋವರ್ ಲಿಮಿಟ್ ನಿಜವಾಗಿಯೂ ಗಡಿಗಳೇ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುತ್ತವೆ. ಅಲ್ಲಿ ಮಿತಿ ಎಂದುಕೊಂಡರೆ ತೊಂದರೆಯಿಲ್ಲ. ಒಂದೇ ಪದ, ಎರಡು ಕೆಲಸ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಲಿಮಿಟ್ ಮುಗಿದ ಮರುವಾರವೇ ಇದು ಶುರುವಾಗುತ್ತದೆ. ಡಿರೈವೇಟಿವ್ ಎಂಬ ಪದ ಕೇಳಿ ‘x² ಅನ್ನು ಡಿರೈವ್ ಮಾಡಿದೆ’ ಎಂದು ಬರೆಯುತ್ತಾರೆ. ಮಾಡುವ ಕೆಲಸಕ್ಕೆ, ನಮ್ಮ ಅವಕಲನಕ್ಕೆ, ಡಿಫರೆನ್ಶಿಯೇಟ್ ಎನ್ನಬೇಕು. ಕೊನೆಗೆ ಸಿಗುವ 2x ಡಿರೈವೇಟಿವ್. ಡಿರೈವ್ ಎಂದರೆ ತಿಳಿದದ್ದರಿಂದ ಹೊಸ ಸೂತ್ರವನ್ನು ಹೊರಡಿಸುವುದು. ಪ್ರಶ್ನೆಪತ್ರಿಕೆಯಲ್ಲಿ ‘ಪ್ರಾಡಕ್ಟ್ ರೂಲನ್ನು ಡಿರೈವ್ ಮಾಡಿ’ ಎಂದಿದ್ದರೆ ಯಾವುದೋ ಎರಡು ಫಂಕ್ಷನ್ ಹಿಡಿದು ಆ ರೂಲನ್ನು ಬಳಸಿ ತೋರಿಸಬೇಡಿ. ಡಿರೈವೇಟಿವ್‌ನ ಲಿಮಿಟ್ ಡೆಫಿನಿಷನ್ನಿನಿಂದ ಶುರುಮಾಡಿ ಆ ರೂಲಿಗೆ ಬಂದು ಮುಟ್ಟಬೇಕು.