ಮರಳು ನೆಲದಲ್ಲಿ ಗಾಳಿ ಸವಕಳಿ: ಮರದ ಸಾಲುಗಳ ನಡುವೆ ಎಷ್ಟು ದೂರ ಬಿಡಬೇಕು?

ಮಣ್ಣು ಸಂರಕ್ಷಣೆ ಪೇಪರ್‌ಗೆ ಓದುವವರಿಗಾಗಿ ಬರೆದ ಟಿಪ್ಪಣಿ ಇದು. ಬೆಂಗಳೂರಿನಲ್ಲಿ ಕೂತು ಓದುವ ನಮಗೆ ಈ ಪಾಠ ಸ್ವಲ್ಪ ದೂರದ್ದು. ಇಲ್ಲಿನ ಕೆಂಪು ಮಣ್ಣು ಒಣಗಿದರೆ ಹೆಂಟೆ ಕಟ್ಟುತ್ತದೆ, ಗಾಳಿಗೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಪಶ್ಚಿಮ ರಾಜಸ್ಥಾನದಂಥ ಸಡಿಲ ಮರಳು ನೆಲವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ನೈಋತ್ಯದಿಂದ ಜೋರು ಗಾಳಿ, ನೆಲದ ಮೇಲೆ ಬೆಳೆ ಇಲ್ಲ.

ಮೊದಲು, ಎಷ್ಟು ಮಣ್ಣು ಹೋಗುತ್ತದೆ?

ಇದಕ್ಕೆ ಬಳಸುವುದು 1965ರ ವುಡ್ರಫ್ ಮತ್ತು ಸಿಡೊವೆ ಸಮೀಕರಣ.

```
E = f(I, K, C, L, V)
```

E ವರ್ಷಕ್ಕೆ ಹೆಕ್ಟೇರಿಗೆ ಹೋಗುವ ಮಣ್ಣು, I ಮಣ್ಣಿನ ಗುಣ, K ನೆಲದ ಏರಿಳಿತ, C ಹವೆ, L ಗಾಳಿ ಅಡೆತಡೆ ಇಲ್ಲದೆ ಓಡುವ ದೂರ, V ನೆಲದ ಮೇಲಿನ ಕೂಳೆ ಮತ್ತು ಬೆಳೆ. I ಕಂಡುಹಿಡಿಯಲು ಒಣ ಮಣ್ಣನ್ನು 0.84 ಮಿ.ಮೀ. ಜರಡಿಯಲ್ಲಿ ಆಡಿಸಿ, ಮೇಲೆ ಎಷ್ಟು ಉಳಿಯಿತು ಎಂದು ತೂಗುತ್ತಾರೆ. ಉಳಿದದ್ದು ಹೆಂಟೆಯೇ ಆಗಬೇಕೆಂದಿಲ್ಲ, ದಪ್ಪ ಹರಳೂ ಲೆಕ್ಕಕ್ಕೆ ಬರುತ್ತದೆ. ಲ್ಯಾಬ್ ಹಿಂದೆ ಬಿದ್ದಿರುವ ಎಂ-ಸ್ಯಾಂಡ್ ತಂದು ಆಡಿಸಬೇಡಿ. ಅದರಲ್ಲಿ ದಪ್ಪ ಕಾಳು ಜಾಸ್ತಿ, ಮರಳು ನೆಲ ಭಾರೀ ಗಟ್ಟಿ ಎಂಬ ಉತ್ತರ ಬರುತ್ತದೆ.

100ಕ್ಕೆ 10 ಭಾಗ ಮಾತ್ರ ಜರಡಿ ಮೇಲೆ ಉಳಿದರೆ I ಸುಮಾರು ಹೆಕ್ಟೇರಿಗೆ ವರ್ಷಕ್ಕೆ 300 ಟನ್. 25 ಭಾಗ ಉಳಿದರೆ ಸುಮಾರು 190. ನಮ್ಮ ಉದಾಹರಣೆಯಲ್ಲಿ 10 ಎಂದಿಟ್ಟುಕೊಳ್ಳೋಣ. ನೆಲ ಸಪಾಟು, ಆದ್ದರಿಂದ K = 1. C ಬೆಲೆ 80 ಎಂದು ಕೊಟ್ಟಿದ್ದಾರೆ ಅಂದುಕೊಳ್ಳಿ. ಕಾನ್ಸಾಸ್‌ನ ಗಾರ್ಡನ್ ಸಿಟಿ ಹವೆಯನ್ನು 100 ಎಂದು ಹಿಡಿದ ಅಳತೆ ಅದು, ಹಾಗಾಗಿ 0.8ರಿಂದ ಗುಣಿಸಬೇಕು. ಇಲ್ಲಿವರೆಗೆ 240 ಟನ್.

ಟನ್ ಎಂದರೆ ಅಂದಾಜು ಸಿಗುವುದಿಲ್ಲ, ಮಿಲಿಮೀಟರ್‌ಗೆ ತಿರುಗಿಸಿ ನೋಡಿ. ಮರಳು ಮಣ್ಣಿನ ಸಾಂದ್ರತೆ 1.5 ಹಿಡಿದರೆ ಒಂದು ಹೆಕ್ಟೇರಿನಲ್ಲಿ 1 ಮಿ.ಮೀ. ಪದರ ಅಂದರೆ 15 ಟನ್. 240 ಟನ್ ಎಂದರೆ ವರ್ಷಕ್ಕೆ 16 ಮಿ.ಮೀ. ಮೇಲ್ಮಣ್ಣು ಮಾಯ.

ಇಲ್ಲಿಂದ ಮುಂದೆ L ಮತ್ತು V ಅನ್ನು ಸುಮ್ನೆ ಗುಣಿಸಲು ಆಗುವುದಿಲ್ಲ, ಚಾರ್ಟ್ ನೋಡಬೇಕು. ಕಾರಣ ಹೀಗಿದೆ. ಎಗರಿ ಬಿದ್ದ ಕಾಳು ಇನ್ನೆರಡು ಕಾಳನ್ನು ಎಬ್ಬಿಸುತ್ತದೆ, ಅವು ಮತ್ತಷ್ಟನ್ನು. ಗಾಳಿ ಮುಂದೆ ಹೋದಂತೆ ಹೊರೆ ಏರುತ್ತಾ ಹೋಗಿ, ಹೊರಲು ಆಗುವಷ್ಟು ತುಂಬಿದ ಮೇಲೆ ನಿಲ್ಲುತ್ತದೆ. ಸಡಿಲ ನಯ ಮರಳಿನಲ್ಲಿ ಈ ಹೊರೆ ಸುಮಾರು 55 ಮೀಟರ್ ಒಳಗೇ ತುಂಬುತ್ತದೆ. ಹೆಂಟೆ ಇರುವ ಮಣ್ಣಿನಲ್ಲಿ ಕಿಲೋಮೀಟರ್‌ಗಿಂತಲೂ ಹೆಚ್ಚು ಬೇಕು. ಹಾಗಾಗಿ 400 ಮೀಟರ್ ಮರಳು ಹೊಲದ ನಡುವೆ ಒಂದೇ ಒಂದು ಮರದ ಸಾಲು ಹಾಕಿದರೆ, ಅದರ ಬುಡದ ಪಟ್ಟಿ ಬಿಟ್ಟು ಉಳಿದ ಕಡೆ ಸವಕಳಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಹಗುರ ನೆಲದಲ್ಲಿ ಸಾಲುಗಳು ಹತ್ತಿರ ಹತ್ತಿರ ಇರಬೇಕು ಅನ್ನುವುದು ಇದಕ್ಕೇ.

ಅಂತರದ ಸೂತ್ರ, ಮತ್ತು ಆ ಕೋನ

```
d = 17 h (Vm / V) cos θ
```

d ಸಾಲಿನಿಂದ ಸಾಲಿಗೆ ಅಂತರ, h ಮರದ ಎತ್ತರ. V ಎಂದರೆ 15 ಮೀ. ಎತ್ತರದಲ್ಲಿ ಬೀಸುವ ಗಾಳಿಯ ವೇಗ (ಮೇಲಿನ ಸಮೀಕರಣದ V ಬೇರೆ, ಹುಷಾರು). Vm ಎಂದರೆ ಸಪಾಟು ಬೋಳು ನೆಲದಲ್ಲಿ ಮಣ್ಣನ್ನು ಸರಿಸಲು ಅದೇ ಎತ್ತರದಲ್ಲಿ ಕನಿಷ್ಠ ಬೇಕಾದ ವೇಗ, ಸೆಕೆಂಡಿಗೆ 9.6 ಮೀ. ಸೂತ್ರ ಸೆಕೆಂಡಿಗೆ 18 ಮೀ. ಒಳಗಿನ ಗಾಳಿಗೆ ಮಾತ್ರ.

ನನಗೆ ಇಷ್ಟವಾದ ಅಡ್ಡದಾರಿ: 17 × 9.6 = 163. ಆದ್ದರಿಂದ d = (163 / V) × h × cos θ. V 16 ಇದ್ದಾಗ ಇದು ಸರಿಸುಮಾರು 10h ಆಗುತ್ತದೆ. ಸವಕಳಿ ಸಮೀಕರಣದಲ್ಲಿ L ಲೆಕ್ಕ ಹಾಕುವಾಗಲೂ ಸಾಲಿನಿಂದ 10h ದೂರ ರಕ್ಷಿತ ಎಂದೇ ಹಿಡಿಯುತ್ತಾರೆ. ಒಂದು ಕಡೆ 17, ಇನ್ನೊಂದು ಕಡೆ 10 ಕಂಡು ಗಾಬರಿಯಾಗಬೇಕಿಲ್ಲ.

ಎಲ್ಲರೂ ಎಡವುವುದು θ ಹತ್ತಿರ. θ ಗಾಳಿಗೂ ಮರದ ಸಾಲಿಗೂ ನಡುವಿನ ಕೋನ ಅಲ್ಲ. ಸಾಲಿಗೆ ಲಂಬವಾಗಿ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಗಾಳಿ ಎಷ್ಟು ಓರೆಯಾಗಿದೆಯೋ ಅದು θ. ಸಾಲು ಉತ್ತರ ದಕ್ಷಿಣವಾಗಿದೆ, ಹೊಲದ ಪಶ್ಚಿಮ ಬದುವಿನ ಮೇಲೆ. ಲಂಬ ಗೆರೆ ನೇರ ಪಶ್ಚಿಮಕ್ಕೆ, ಅಂದರೆ 270 ಡಿಗ್ರಿ. ಗಾಳಿ 240 ಡಿಗ್ರಿಯಿಂದ ಬರುತ್ತಿದೆ. θ = 30, cos = 0.866. ಸಾಲಿನಿಂದಲೇ ಕೋನ ಅಳೆದರೆ 60 ಸಿಗುತ್ತದೆ, cos 0.5, ಅಂತರ ಅರ್ಧಕ್ಕೆ ಹತ್ತಿರ ಕುಸಿಯುತ್ತದೆ.

ಪರೀಕ್ಷಿಸುವುದು ಸುಲಭ. ಗಾಳಿ ಸಾಲಿಗೆ ನೇರ ಎದುರಾಗಿ ಬಂದರೆ ರಕ್ಷಣೆ ಅತಿ ಹೆಚ್ಚು, ಆಗ cos 1 ಆಗಬೇಕು, ಅಂದರೆ θ ಸೊನ್ನೆ. ಗಾಳಿ ಸಾಲಿನ ಉದ್ದಕ್ಕೇ ಬೀಸಿದರೆ ರಕ್ಷಣೆಯೇ ಇಲ್ಲ, θ 90. ನಿಮ್ಮ ಕೋನ ಇದಕ್ಕೆ ಉಲ್ಟಾ ಇದ್ದರೆ ತಪ್ಪು ಗೆರೆಯಿಂದ ಅಳೆದಿದ್ದೀರಿ.

cos ಯಾಕೆ ಬಂತು? ಮರದ ಗಾಳಿ ನೆರಳು ಬೀಳುವುದು ಗಾಳಿ ಹೋಗುವ ದಿಕ್ಕಿನಲ್ಲಿ, ಓರೆಯಾಗಿ. ನಾವು ಸಾಲಿನಿಂದ ಸಾಲಿಗೆ ಟೇಪ್ ಹಿಡಿಯುವುದು ನೇರ ಅಡ್ಡಕ್ಕೆ. ಓರೆ ಉದ್ದವನ್ನು ಅಡ್ಡ ಉದ್ದಕ್ಕೆ ಇಳಿಸುವುದಷ್ಟೇ cos ಕೆಲಸ.

ಲೆಕ್ಕ

ಹವಾಮಾನ ಕೇಂದ್ರದವರು 10 ಮೀ. ಎತ್ತರದಲ್ಲಿ ಸೆಕೆಂಡಿಗೆ 13.6 ಮೀ. ಎಂದಿದ್ದಾರೆ. ನಮಗೆ ಬೇಕಾದದ್ದು 15 ಮೀ. ಎತ್ತರದ್ದು. ವೇಗ ಎತ್ತರದ ಏಳನೇ ಒಂದು ಘಾತದಂತೆ ಏರುತ್ತದೆ ಎಂದು ಹಿಡಿಯೋಣ. 15/10, ಅಂದರೆ 1.5ರ ಏಳನೇ ಒಂದು ಘಾತ 1.06, ಆದ್ದರಿಂದ V = 14.4. ಮರ 8 ಮೀಟರ್.

```
163 / 14.4     = 11.3
11.3 × 8       = 90.4 m   (ಗಾಳಿ ದಿಕ್ಕಿನಲ್ಲಿ)
90.4 × 0.866   = 78 m     (ಅಡ್ಡಕ್ಕೆ, ಇದೇ d)
```

ಹೊಲದ ಅಗಲ 400. 78ರಂತೆ ಐದು ಪಟ್ಟಿಗೆ ಸ್ವಲ್ಪ ಸಾಲದು, ಆರು ಮಾಡಿದರೆ ಅಂತರ 66.7 ಮೀ. ಪಶ್ಚಿಮ ಬದುವಿನದ್ದೂ ಸೇರಿ ಆರು ಸಾಲು. ಗಾಳಿ ದಿಕ್ಕಿನಲ್ಲಿ ಸಾಲಿನಿಂದ ಸಾಲಿಗೆ 77 ಮೀ. ಆಗುತ್ತದೆ, 10h ಅಂದರೆ 80. ರಕ್ಷಣೆ ಇಲ್ಲದ L ಉಳಿಯಲೇ ಇಲ್ಲ, ಎರಡೂ ದಾರಿ ಒಂದೇ ಕಡೆ ಬಂದವು. ಈ ಅಂತರ ಸೆಕೆಂಡಿಗೆ ಸುಮಾರು 17 ಮೀ. ಗಾಳಿವರೆಗೆ ತಡೆಯುತ್ತದೆ.

ಖರ್ಚೂ ನೋಡಬೇಕಲ್ವಾ? ಮೂರು ಮರದ ಸಾಲಿನ ಒಂದು ಬೆಲ್ಟ್‌ಗೆ 10 ಮೀ. ಅಗಲ ಬಿಟ್ಟರೆ ಆರಕ್ಕೆ 60 ಮೀ., ಹೊಲದ 100ಕ್ಕೆ 15 ಪಾಲು ಹೋಯಿತು. ಯಾವ ರೈತನೂ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಳಗಿನ ಸಾಲುಗಳನ್ನು ಒಂಟಿ ಸಾಲಾಗಿ, ಬನ್ನಿಯಂಥ ಮರದಿಂದ ಮಾಡುವುದು ಮೇಲು. ಆದರೆ ಒಂಟಿ ಸಾಲಿನಲ್ಲಿ ಒಂದು ಗಿಡ ಸತ್ತರೂ ಆ ಸಂದಿಯಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಸಂದಿಯ ಹಿಂದೆ ನೆಲ ತೋಡಿದಂತಾಗಿ ಪಕ್ಕದ ಗಿಡಗಳ ಬೇರು ಕಾಣಿಸಿಕೊಂಡರೆ, ತಕ್ಷಣ ಅಲ್ಲಿ ಗಿಡ ತುಂಬಬೇಕು. ಹಾಗಂತ ಗೋಡೆಯಂತೆ ಒತ್ತಾಗಿ ನೆಡುವುದೂ ಬೇಡ. ಗಾಳಿ ಮೇಲಿಂದ ಹಾರಿ ಹಿಂದೆ ಸುಳಿಯಾಗಿ ಬೀಳುತ್ತದೆ. 100ಕ್ಕೆ 40ರಿಂದ 50 ಪಾಲು ಸಂದಿ ಇರುವ ಸಾಲೇ ದೂರದವರೆಗೆ ಕಾಯುತ್ತದೆ.

h 8 ಮೀ. ಆಗುವುದು ವರ್ಷಗಳ ಮಾತು. ಗಿಡ 2 ಮೀಟರ್ ಇರುವಾಗ ಅದೇ ಸೂತ್ರದಲ್ಲಿ d ಬರೀ 20 ಮೀ. ಉಳಿದ 47 ಮೀ. ಬಯಲೇ. ಅಷ್ಟು ದಿನ ಆ ಜಾಗದಲ್ಲಿ ಗಾಳಿಗೆ ಅಡ್ಡಲಾಗಿ ಸೇವಣ್ ಹುಲ್ಲಿನ ಅಥವಾ ಹರಳು ಗಿಡದ ಪಟ್ಟಿಗಳು ಬೇಕು, ಕಟಾವಾದ ಮೇಲೆ ಸಜ್ಜೆ ಕೂಳೆ ಕೀಳಬಾರದು.

ಕೊನೆಯದಾಗಿ ದಕ್ಷಿಣದ ಮೂಲೆ. ಗಾಳಿ ಓರೆಯಾಗಿ ಈಶಾನ್ಯದ ಕಡೆ ಹೋಗುವುದರಿಂದ ಪ್ರತಿ ಪಟ್ಟಿಯ ದಕ್ಷಿಣ ತುದಿಯಲ್ಲಿ ಒಂದು ತ್ರಿಕೋನಕ್ಕೆ ನೆರಳೇ ಸಿಗುವುದಿಲ್ಲ. 66.7 × tan 30 = 38.5. ಪ್ರತಿ ಸಾಲನ್ನು ದಕ್ಷಿಣಕ್ಕೆ ಅಷ್ಟು ಮೀಟರ್ ಮುಂದುವರಿಸಬೇಕು, ಪಕ್ಕದ ಹೊಲದವರು ಬಿಡದಿದ್ದರೆ ದಕ್ಷಿಣ ಬದುವಿನ ಮೇಲೂ ಒಂದು ಸಾಲು ನೆಡಬೇಕು.