ಹೊಸ ಫೋನ್ ಬಂತು, ಕೋಡ್ ಹಳೆಯದರಲ್ಲೇ ಉಳೀತು

ಫೋನ್ ಬದಲಿಸಿದಾಗ ಫೋಟೊ, ಕಾಂಟ್ಯಾಕ್ಟ್, ಆ್ಯಪ್ ಎಲ್ಲವೂ ಹೊಸದಕ್ಕೆ ಬಂದು ಕೂರುತ್ತವೆ. ಎಲ್ಲ ಬಂತಲ್ಲ ಅಂತ ಹಳೆಯದನ್ನು ಅಳಿಸಿ ಯಾರಿಗೋ ಕೊಟ್ಟುಬಿಡುತ್ತೇವೆ. ಆಮೇಲೊಂದು ದಿನ ಇಮೇಲ್‌ಗೆ ಲಾಗಿನ್ ಆಗಲು ಹೋದರೆ, ಪಾಸ್‌ವರ್ಡ್ ಆದಮೇಲೆ ಆರು ಅಂಕಿಯ ಕೋಡ್ ಕೇಳುತ್ತದೆ. ಆ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದೆ, ಆದರೆ ಒಳಗೆ ಒಂದು ಖಾತೆಯೂ ಇಲ್ಲ. ಆ್ಯಪನ್ನು ತೆಗೆದು ಮತ್ತೆ ಹಾಕಿದರೂ ಅಷ್ಟೇ.

ಆ ಕೋಡ್ ಕಂಪನಿಯಿಂದ ಫೋನಿಗೆ ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎಸ್‌ಎಂಎಸ್ ಓಟಿಪಿ ಹಾಗೆ ಬರುತ್ತದೆ, ನಿಜ. ಅಥೆಂಟಿಕೇಟರ್ ಕೋಡ್ ಎಲ್ಲಿಂದಲೂ ಬರುವುದಿಲ್ಲ. ಫೋನೇ ಅದನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಮೊದಲ ದಿನ ನೀವು ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡ್ ಒಳಗೆ ಹೆಚ್ಚುಕಮ್ಮಿ ಇಂಥದೊಂದು ಸಾಲು ಇತ್ತು:

```
otpauth://totp/Mail:user1?secret=JBSWY3DPEHPK3PXP&issuer=Mail
```

ಇದರಲ್ಲಿ `secret=` ಆದಮೇಲೆ ಇರುವುದೇ ಗುಟ್ಟಿನ ಕೀಲಿ. ಅದರ ಒಂದು ಪ್ರತಿ ನಿಮ್ಮ ಫೋನಿನಲ್ಲಿ, ಇನ್ನೊಂದು ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಸೆಕೆಂಡ್ ಆಗಿದೆ ಅಂತ ಎರಡೂ ಕಡೆ ಎಣಿಸಿ, 30ರಿಂದ ಭಾಗಿಸುತ್ತಾರೆ. ಆ ಎಣಿಕೆ 1700000000 ಇದ್ದಾಗ ಭಾಗಲಬ್ಧ 56666666. ಮಿಕ್ಕ 20 ಸೆಕೆಂಡನ್ನು ಬಿಟ್ಟುಬಿಡುತ್ತಾರೆ. ಈ ಸಂಖ್ಯೆಯನ್ನೂ ಕೀಲಿಯನ್ನೂ ಸೇರಿಸಿ ಅರೆದರೆ ಆರು ಅಂಕಿ ಹೊರಬರುತ್ತವೆ. ಇನ್ನು 10 ಸೆಕೆಂಡ್ ಕಳೆದರೆ ಭಾಗಲಬ್ಧ 56666667 ಆಗುತ್ತದೆ, ಕೋಡೂ ಬದಲಾಗುತ್ತದೆ. ಈ ವಿಧಾನಕ್ಕೆ ಟಿಓಟಿಪಿ ಅಂತ ಹೆಸರು. 2011ರಲ್ಲಿ ಇದು ಆರ್‌ಎಫ್‌ಸಿ 6238 ಎಂಬ ದಾಖಲೆಯಾಗಿ ಪ್ರಕಟವಾಯಿತು.

ಅಂದರೆ ಕೋಡ್ ಬರಲು ಸಿಮ್ ಬೇಡ, ಇಂಟರ್ನೆಟ್ ಬೇಡ. ಕೀಲಿ ಇರಬೇಕು, ಗಡಿಯಾರ ಸರಿ ಇರಬೇಕು. ಹಳೆ ಫೋನನ್ನು ಇನ್ನೂ ಅಳಿಸಿಲ್ಲ ಅಂದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಪರದೆ ಒಡೆದಿರಲಿ, ಸಿಮ್ ತೆಗೆದಿರಲಿ, ಚಾರ್ಜ್ ಮಾಡಿ ಆ್ಯಪ್ ತೆರೆಯಿರಿ. ಕೋಡ್ ಅಲ್ಲೇ ಓಡುತ್ತಿರುತ್ತದೆ.

ಹಾಗಾದರೆ ಹೊಸ ಫೋನಿಗೆ ಕೀಲಿ ಯಾಕೆ ಬರಲಿಲ್ಲ? ಬ್ಯಾಕಪ್ ಕಳ್ಳರ ಕೈಗೆ ಸಿಕ್ಕರೆ ಕೀಲಿಯೂ ಜೊತೆಗೆ ಹೋಗುತ್ತದಲ್ಲ, ಹಾಗಾಗಿ ಕೆಲವು ಆ್ಯಪ್‌ಗಳು ಅದನ್ನು ಫೋನಿನ ಬ್ಯಾಕಪ್‌ಗೆ ಬೇಕಂತಲೇ ಸೇರಿಸುವುದಿಲ್ಲ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಖಾತೆಯ ಜೊತೆ ಸಿಂಕ್ ಆಗುವ ಸೌಲಭ್ಯ ಬಂದದ್ದೇ 2023ರಲ್ಲಿ. ಅದೂ ಆ್ಯಪ್‌ನಲ್ಲಿ ಖಾತೆಗೆ ಸೈನ್ ಇನ್ ಆಗಿದ್ದರೆ ಮಾತ್ರ ಉಪಯೋಗ.

ಇಲ್ಲಿ ಎರಡು ತೊಂದರೆಗಳನ್ನು ಬೇರೆ ಮಾಡಿ ನೋಡಬೇಕು. ಆ್ಯಪ್ ಪೂರ್ತಿ ಖಾಲಿ ಇದ್ದರೆ ಕೀಲಿ ಬಂದಿಲ್ಲ. ಖಾತೆಯ ಹೆಸರು ಇದೆ, ಕೋಡೂ ಬರುತ್ತಿದೆ, ಆದರೆ ಸೈಟ್ ಒಪ್ಪುತ್ತಿಲ್ಲ ಅಂದರೆ ಗಡಿಯಾರದ ಮೇಲೆ ಅನುಮಾನ ಪಡಿ. ಸರ್ವರ್‌ಗಳು ಸಾಮಾನ್ಯವಾಗಿ ಒಂದು ಕೋಡಿನಷ್ಟು ಹಿಂದೆಮುಂದೆಯನ್ನು ಸಹಿಸುತ್ತವೆ, ಎರಡು ನಿಮಿಷದ ವ್ಯತ್ಯಾಸವನ್ನಲ್ಲ. ಫೋನಿನ ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿದರೆ ಸಾಕು, ಸರಿಹೋಗುತ್ತದೆ.

ಕೀಲಿಯೇ ಇಲ್ಲ, ಹಳೆ ಫೋನೂ ಇಲ್ಲ ಅನ್ನಿ. ಮೊದಲು ನೋಡಬೇಕಾದ್ದು ಮನೆಯ ಕಂಪ್ಯೂಟರ್, ಟ್ಯಾಬ್ಲೆಟ್. ಯಾವುದಾದರೂ ಬ್ರೌಸರ್‌ನಲ್ಲಿ ಖಾತೆ ಇನ್ನೂ ತೆರೆದೇ ಇದ್ದರೆ ಅಪ್ಪಿತಪ್ಪಿಯೂ ಲಾಗೌಟ್ ಆಗಬೇಡಿ, ಕುಕೀ ಅಳಿಸಬೇಡಿ. ಅಲ್ಲಿಂದಲೇ ಸೆಕ್ಯುರಿಟಿ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಫೋನನ್ನು ಸೇರಿಸಲು ನೋಡಿ. ಕೆಲವು ಸೈಟ್‌ಗಳು ಆ ಜಾಗದಲ್ಲೂ ಮತ್ತೆ ಕೋಡ್ ಕೇಳುತ್ತವೆ. ಆಗ ಲಾಗಿನ್ ಪುಟದಲ್ಲಿ `Try another way` ಅಂತ ಇರುವುದನ್ನು ಒತ್ತಿ, ಹಿಂದೆ ಯಾವತ್ತಾದರೂ ಫೋನ್ ನಂಬರ್, ಪಾಸ್‌ಕೀ, ಸೆಕ್ಯುರಿಟಿ ಕೀ ಸೇರಿಸಿದ್ದೀರಾ ನೋಡಿ.

ಅದೂ ಇಲ್ಲದಿದ್ದರೆ ಉಳಿಯುವುದು ರಿಕವರಿ ಅರ್ಜಿ. ಜನಕ್ಕೆ ಸಿಟ್ಟು ಬರುವುದು ಇಲ್ಲೇ. ನಿಮ್ಮ ಕೀಲಿಯ ಪ್ರತಿ ಕಂಪನಿಯ ಹತ್ತಿರ ಇದೆ. ಅದಿಲ್ಲದೆ ಅವರು ಕೋಡನ್ನು ತಾಳೆ ನೋಡಲು ಆಗುವುದೇ ಇಲ್ಲ. ಮತ್ತೆ ಕೊಡೋಕೇನು ಕಷ್ಟ? ಕಷ್ಟ ಇರುವುದು ಕೀಲಿ ಹುಡುಕುವುದರಲ್ಲಲ್ಲ, ಕೇಳುತ್ತಿರುವುದು ನೀವೇನಾ ಅಂತ ತಿಳಿಯುವುದರಲ್ಲಿ. ನಿಮ್ಮ ಪಾಸ್‌ವರ್ಡ್ ಕದ್ದವರೂ ಬಂದು ಇದೇ ಮಾತು ಹೇಳುತ್ತಾರೆ: 'ಫೋನ್ ಬದಲಿಸಿದೆ, ಕೋಡ್ ಬರ್ತಿಲ್ಲ, ದಯವಿಟ್ಟು ಒಳಗೆ ಬಿಡಿ.' ಕಂಪನಿಗೆ ಇಬ್ಬರ ಮುಖವೂ ಕಾಣುವುದಿಲ್ಲ.

ಅದಕ್ಕೇ ಅದು ಸುತ್ತಮುತ್ತಲಿನ ಗುರುತು ನೋಡುತ್ತದೆ. ಯಾವಾಗಲೂ ಬಳಸುವ ಕಂಪ್ಯೂಟರ್, ಅದೇ ಬ್ರೌಸರ್, ಅದೇ ವೈಫೈಯಿಂದ ಅರ್ಜಿ ಹಾಕಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಹೊಸ ಫೋನಿನಿಂದ, ಊರು ಬಿಟ್ಟು ಹೋದ ಕಡೆಯಿಂದ ಹಾಕಬೇಡಿ. ಅರ್ಜಿ ಕೊಟ್ಟಮೇಲೆ ಕೆಲವು ಕಡೆ ಗಂಟೆಗಟ್ಟಲೆ, ಕೆಲವು ಕಡೆ ದಿನಗಟ್ಟಲೆ ಕಾಯಿಸುತ್ತಾರೆ. ಆ ಹೊತ್ತಿನಲ್ಲಿ ಖಾತೆಯ ಹಳೆ ವಿಳಾಸ, ನಂಬರ್‌ಗಳಿಗೆ ಸೂಚನೆ ಹೋಗುತ್ತದೆ. ಅರ್ಜಿ ಹಾಕಿದ್ದು ಕಳ್ಳನಾದರೆ ನಿಜವಾದ ಮಾಲೀಕ ನೋಡಿ ತಡೆಯಲಿ ಅಂತ ಈ ವ್ಯವಸ್ಥೆ. ಕೆಲವು ಸೇವೆಗಳಲ್ಲಿ ಈ ಬಾಗಿಲೂ ಇಲ್ಲ. ಸಾಫ್ಟ್‌ವೇರ್ ಬರೆಯುವವರು ಬಳಸುವ ಗಿಟ್‌ಹಬ್‌ನಲ್ಲಿ ಎರಡನೇ ಹಂತದ ದಾರಿಗಳೂ ರಿಕವರಿ ವಿಧಾನಗಳೂ ಎಲ್ಲ ಕಳೆದುಹೋದರೆ ಸಹಾಯ ಕೇಂದ್ರದವರೂ ಖಾತೆ ಬಿಡಿಸಿಕೊಡುವುದಿಲ್ಲ. ಇನ್ನು, ದುಡ್ಡು ಕೊಟ್ಟರೆ ಖಾತೆ ವಾಪಸ್ ಕೊಡಿಸುತ್ತೇವೆ ಅಂತ ಮೆಸೇಜ್ ಮಾಡುವವರಿಗೆ ಉತ್ತರವನ್ನೇ ಕೊಡಬೇಡಿ.

ಈ ಇಡೀ ಪರದಾಟವನ್ನು ತಪ್ಪಿಸುವ ದಾರಿ ಬ್ಯಾಕಪ್ ಕೋಡ್. ಖಾತೆ ನಿಮ್ಮ ಕೈಯಲ್ಲಿ ಇದ್ದಾಗಲೇ, ನೀವು ಯಾರು ಅಂತ ಅನುಮಾನವಿಲ್ಲದ ಹೊತ್ತಿನಲ್ಲಿ, ಕಂಪನಿ ಕೊಟ್ಟಿಟ್ಟ ಗುರುತು ಅದು. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತದೆ, ಒಂದೊಂದರಲ್ಲೂ 8 ಅಂಕಿ. ಇವಕ್ಕೆ ಗಡಿಯಾರದ ಸಂಬಂಧವಿಲ್ಲ, ಫೋನಿನ ಸಂಬಂಧವೂ ಇಲ್ಲ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಬಳಸಿದ್ದಕ್ಕೆ ಗೀಟು ಹಾಕಿ. ಹೊಸ ಹತ್ತು ತೆಗೆದರೆ ಹಳೆಯ ಹತ್ತೂ ಸತ್ತುಹೋಗುತ್ತವೆ, ಹಾಗಾಗಿ ಕಾಗದದ ಮೇಲೆ ತಾರೀಖು ಬರೆದಿಡುವುದು ಒಳ್ಳೆಯದು.

ಎಲ್ಲಿ ಇಡುತ್ತೀರಿ ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಸ್ಕ್ರೀನ್‌ಶಾಟ್ ಅದೇ ಫೋನಿನಲ್ಲಿದ್ದರೆ ಫೋನಿನ ಜೊತೆ ಅದೂ ಹೋಯಿತು. ಇಮೇಲ್‌ನ ಬ್ಯಾಕಪ್ ಕೋಡನ್ನು ಅದೇ ಇಮೇಲ್‌ಗೆ ಕಳಿಸಿಕೊಂಡರೆ, ತೆರೆಯಲು ಕೋಡ್ ಬೇಕು, ಕೋಡ್ ನೋಡಲು ತೆರೆಯಬೇಕು. ಪಾಸ್‌ವರ್ಡ್ ಮ್ಯಾನೇಜರ್ ಕೂಡ ಅದೇ ಅಥೆಂಟಿಕೇಟರ್ ಕೋಡ್ ಕೇಳುವಂತಿದ್ದರೆ ಇದೇ ಸುತ್ತು. ನನ್ನ ಮಟ್ಟಿಗೆ ಪಾಸ್‌ಪೋರ್ಟ್, ಪ್ರಮಾಣಪತ್ರ ಇಡುವ ಫೈಲಿನಲ್ಲಿ ಒಂದು ಕಾಗದ ಸಾಕು. ಅದರ ಮೇಲೆ ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಬರೀ ಕೋಡ್ ಸಿಕ್ಕವರಿಗೆ ಅರ್ಧ ದಾರಿಯಷ್ಟೇ ಸಿಕ್ಕಿರುತ್ತದೆ.

ಹೇಗೋ ಒಳಗೆ ಹೋದಿರಿ ಅನ್ನಿ. ಆಗ ಹಳೆ ಅಥೆಂಟಿಕೇಟರನ್ನು ಖಾತೆಯಿಂದ ತೆಗೆದು, ಹೊಸ ಫೋನಿನಲ್ಲಿ ಹೊಸ ಕ್ಯೂಆರ್ ಸ್ಕ್ಯಾನ್ ಮಾಡಿ. ಕೀಲಿ ಬೇರೆಯಾಗುತ್ತದೆ, ಹಳೆ ಫೋನಿನಲ್ಲಿ ಓಡುವ ಕೋಡ್ ಅಲ್ಲಿಂದಾಚೆ ನಡೆಯುವುದಿಲ್ಲ. ತೆರೆದ ಬ್ರೌಸರನ್ನು ಹಾಗೇ ಬಿಟ್ಟು, ಪ್ರೈವೇಟ್ ವಿಂಡೋದಲ್ಲಿ ಹೊಸ ಕೋಡ್ ಹಾಕಿ ಒಮ್ಮೆ ಲಾಗಿನ್ ಆಗಿ ನೋಡಿ. ಅಲ್ಲೇನಾದರೂ ಕೆಟ್ಟರೂ ಮೊದಲ ವಿಂಡೋದಿಂದ ಸರಿಮಾಡಬಹುದು.