ಐದು ಜನ ಕೂತ ಮೇಲೆ ಎಷ್ಟು ಉಳಿಯುತ್ತದೆ? ಮಣ್ಣುರಸ್ತೆಯ ಮನೆಗೆ ಕಾರು ಆರಿಸುವ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣುದಾರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದರಲ್ಲಿ ಎರಡು ಗಾಲಿಜಾಡು, ನಡುವೆ ಒಂದು ದಿಣ್ಣೆ. ಹಳೆಯ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಎಂದು ಕೈಪಿಡಿಯಲ್ಲಿತ್ತು. ಆದರೂ ಪ್ರತಿ ಮಳೆಗಾಲ ಅಡಿ ಕೆರೆಯುತ್ತಿತ್ತು. ಏಕೆಂದು ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಸ್ತೆಯನ್ನು ಅಳೆಯಬೇಕು. ಎರಡು ಜಾಡಿಗೂ ಅಡ್ಡಲಾಗಿ, ದಿಣ್ಣೆಯ ನೆತ್ತಿಗೆ ತಾಗುವಂತೆ ಒಂದು ನೇರ ಕೋಲು ಹಿಡಿದು, ಕೋಲಿನಿಂದ ಜಾಡಿನ ತಳಕ್ಕೆ ಸ್ಕೇಲ್ ಇಳಿಸಿ. ನಮ್ಮಲ್ಲಿ 120 ಮಿ.ಮೀ. ಬಂತು. ದಿಣ್ಣೆಯಿಂದ ಮೇಲೆದ್ದ ಜಂಬಿಟ್ಟಿಗೆ ಕಲ್ಲು ಇನ್ನೊಂದು 30. ಒಟ್ಟು 150.

ಆಮೇಲೆ ಕಾರನ್ನು ಅಳೆಯಬೇಕು, ಅದೂ ಮನೆಮಂದಿಯನ್ನೆಲ್ಲ ಕೂರಿಸಿ. ಕಂಪನಿಗಳು ಕೊಡುವ ಸಂಖ್ಯೆ ಬಹಳ ಸಲ ಖಾಲಿ ಗಾಡಿಯದು. ಸಿಮೆಂಟು ಅಂಗಳದಲ್ಲಿ ಗಾಡಿ ನಿಲ್ಲಿಸಿ, ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಅಕ್ಕಿಮೂಟೆ ಇಟ್ಟು, ಅಡಿಯಲ್ಲಿ ಅತಿ ಕೆಳಗಿರುವ ಭಾಗದಿಂದ ನೆಲಕ್ಕೆ ಅಳತೆ ತೆಗೆದೆವು. ನಮ್ಮದರಲ್ಲಿ ಅದು ಸೈಲೆನ್ಸರ್. 170 ಇದ್ದದ್ದು 128ಕ್ಕೆ ಇಳಿದಿತ್ತು. 150ರ ದಿಣ್ಣೆಗೆ 128ರ ಗಾಡಿ ತಾಗದೆ ಇನ್ನೇನಾಗುತ್ತದೆ!

ಈಗ ಸಸ್ಪೆನ್ಷನ್ನಿನ ವಿಷಯ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಭಾರ ಬಿದ್ದಾಗ ಅತಿ ಕೆಳಗಿನ ಭಾಗ ತಗ್ಗುತ್ತದೆಯೋ ಇಲ್ಲವೋ?

ಹೆಚ್ಚಿನ ಕುಟುಂಬ ಕಾರುಗಳಲ್ಲಿ ಎಂಜಿನ್, ಚೇಂಬರ್, ಸೈಲೆನ್ಸರ್ ಎಲ್ಲವೂ ಸ್ಪ್ರಿಂಗಿನ ಮೇಲೆ ಕೂತ ದೇಹಕ್ಕೆ ಅಂಟಿಕೊಂಡಿರುತ್ತವೆ. ಸ್ಪ್ರಿಂಗ್ ಕುಗ್ಗಿದಷ್ಟೂ ಅವು ನೆಲಕ್ಕೆ ಹತ್ತಿರ. ಬೊಲೆರೊದಂಥ ಗಾಡಿಯ ಹಿಂಭಾಗದಲ್ಲಿ ಹಾಗಲ್ಲ. ಅಲ್ಲಿ ಎರಡು ಗಾಲಿಯನ್ನೂ ಜೋಡಿಸುವ ಗಟ್ಟಿ ಆಕ್ಸಲ್ ಇದೆ, ನಡುವೆ ಗಾಲಿಗಳಿಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗುಂಡು, ಅದರ ಮೇಲೆ ಲೀಫ್ ಸ್ಪ್ರಿಂಗ್. ಆಕ್ಸಲ್ ಗಾಲಿಗಳ ಜೊತೆಗೇ ಇರುವುದರಿಂದ ಗಾಡಿಗೆ ಹತ್ತು ಜನ ಹತ್ತಿದರೂ ಆ ಗುಂಡಿನ ಎತ್ತರ ಬದಲಾಗುವುದಿಲ್ಲ; ಟೈರು ಒತ್ತಿಕೊಳ್ಳುವಷ್ಟು ಮಾತ್ರ ತಗ್ಗುತ್ತದೆ. ಒಂದು ಗಾಲಿ ಕಲ್ಲು ಹತ್ತಿದರೆ ಗುಂಡೂ ಅದರ ಜೊತೆ ಮೇಲೇಳುತ್ತದೆ.

ಹಾಗಾಗಿ ಗುಂಡಿನಡಿ 180 ಇರುವ ಗಟ್ಟಿ ಆಕ್ಸಲ್ ಗಾಡಿ ನಮ್ಮ ದಿಣ್ಣೆಯನ್ನು 30 ಮಿ.ಮೀ. ಬಿಟ್ಟು ದಾಟುತ್ತದೆ. ಖಾಲಿಯಿದ್ದಾಗ 200 ಇದ್ದು, ಮನೆಮಂದಿ ಕೂತಾಗ 45 ಕುಗ್ಗುವ ಕಾರಿಗೆ ಉಳಿಯುವುದು ಬರೀ 5. ಒಂದು ಸಣ್ಣ ಗುಂಡಿಗೆ ಕುಲುಕಿದರೂ ಅದು ಮುಗಿಯಿತು. ದೊಡ್ಡ ಸಂಖ್ಯೆಯ ಕಾರು ಸೋಲುವುದು ಹೀಗೆ. ಲೀಫ್ ಸ್ಪ್ರಿಂಗಿಗೂ ಬೆಲೆ ತೆರಬೇಕು. ಖಾಲಿ ಓಡಿಸಿದಾಗ ಹಿಂಬದಿ ಕುಪ್ಪಳಿಸುತ್ತದೆ, ಘಾಟಿಯಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ. ವರ್ಷಪೂರ್ತಿ ಇಬ್ಬರೇ ಓಡಾಡುವ ಮನೆಗೆ ನಾನು ಅದನ್ನು ಹೇಳಲಾರೆ. ಅವರಿಗೆ ಹೆಚ್ಚು ಕುಗ್ಗದ, 200ರ ಮೇಲಿನ ಕಾಯಿಲ್ ಸ್ಪ್ರಿಂಗ್ ಗಾಡಿಯೇ ಸರಿ.

ಗಾಡಿಯ ಉದ್ದವನ್ನೂ ಮರೆಯಬಾರದು. ಮೋರಿಯ ಉಬ್ಬು ದಾಟುವಾಗ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಹೊಟ್ಟೆ ತಾಗುತ್ತದೆ. ಗಾಲಿಗಳ ಅಂತರ 2450 ಮಿ.ಮೀ. ಇದ್ದು 150 ಎತ್ತರವಿರುವ ಗಾಡಿ ಎಷ್ಟು ಕಡಿದಾದ ಉಬ್ಬನ್ನು ದಾಟುತ್ತದೋ, 2700 ಅಂತರದ ಗಾಡಿ ಅಷ್ಟನ್ನೇ ದಾಟಲು ಸುಮಾರು 165 ಬೇಕು.

ಹೊಸ ಗಾಡಿ ಬೇಡ, ಕಾಯಿಲ್ ನಡುವೆ ರಬ್ಬರು ಸಿಕ್ಕಿಸಿದರೆ ಸಾಕು ಎನ್ನುವವರಿದ್ದಾರೆ. ರಬ್ಬರು ಸಿಕ್ಕಿಸಿದ ಸುತ್ತುಗಳು ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಹೊರೆ ಹೆಚ್ಚುತ್ತದೆ. ಸ್ಪ್ರಿಂಗ್ ಅಲ್ಲೇ ಮುರಿಯುವುದುಂಟು. ಮುಂಗಾಲಿಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ಅದರ ಕೀಲು ಮುಚ್ಚುವ ರಬ್ಬರು ಬೂಟು ಹರಿದರೆ, ಕೀಲು ಸವೆದು ತಿರುವಿನಲ್ಲಿ ಟಕಟಕ ಸದ್ದು ಶುರುವಾಗುತ್ತದೆ.

ನೀರಿನ ಲೆಕ್ಕ ಮಾತ್ರ ಬೇರೆ. ಎತ್ತರದ ಗಾಡಿ ಇದ್ದರೆ ಹಳ್ಳ ದಾಟಬಹುದು ಎಂಬ ಧೈರ್ಯ ನನಗೆ ಭಯ ತರಿಸುತ್ತದೆ. ಕಾರಿನ ತಳ ಸುಮಾರು ಒಂದೂವರೆ ಮೀಟರ್ ಅಗಲ, ಮೂರೂವರೆ ಮೀಟರ್ ಉದ್ದ ಎಂದುಕೊಳ್ಳಿ. ಐದು ಚದರ ಮೀಟರ್‌ಗೂ ಹೆಚ್ಚು. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ.ಗೂ, ಅದು ಒಳಗೆ ನುಗ್ಗುವ ತನಕ, ಗಾಡಿಯನ್ನು ಸುಮಾರು 500 ಕೆ.ಜಿ.ಯಷ್ಟು ಮೇಲೆತ್ತುತ್ತದೆ. ಸಾವಿರ ಕೆ.ಜಿ.ಯ ಕಾರು ತಳದಿಂದ 20 ಸೆಂ.ಮೀ. ಮೇಲೆ ನೀರು ಬಂದರೆ ತೇಲುತ್ತದೆ. ಅದಕ್ಕೂ ಮುಂಚೆಯೇ ಗಾಲಿಗೆ ಹಿಡಿತ ತಪ್ಪಿ ಸೆಳೆತ ಬದಿಗೆ ತಳ್ಳುತ್ತದೆ. ತಳ ಬೇರೆ ಗಾಡಿಗಿಂತ 5 ಸೆಂ.ಮೀ. ಹೆಚ್ಚು ಎತ್ತರವಿದ್ದರೆ ನಿಮಗೆ ಹೆಚ್ಚಾಗಿ ಸಿಗುವುದು ಆ 5 ಸೆಂ.ಮೀ. ಅಷ್ಟೇ. ಹರಿಯುವ ನೀರಿನಲ್ಲಿ ನಾವು ಇಳಿಸುವುದಿಲ್ಲ, ನೀರು ಇಳಿಯುವವರೆಗೆ ಈಚೆ ದಡದಲ್ಲೇ ಕಾಯುತ್ತೇವೆ.

ನಿಂತ ನೀರಾದರೆ ಗಾಲಿಯ ನಡುಭಾಗದವರೆಗೆ, ಮೊದಲನೇ ಗೇರಿನಲ್ಲಿ, ನಿಧಾನ. ದಾಟುವಾಗ ಬಿಸಿಯಾಗಿದ್ದ ಆಕ್ಸಲ್ ತಣ್ಣೀರಲ್ಲಿ ಆರುತ್ತ ಗಾಳಿಯಾಡುವ ಸಣ್ಣ ರಂಧ್ರದಿಂದ ನೀರು ಎಳೆದುಕೊಳ್ಳಬಹುದು. ಹಾಗಾಗಿದೆಯೇ ಎಂದು ನೋಡಲು ವಾರದೊಳಗೆ ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿಸಿ ಎಣ್ಣೆಗೆ ಬೆರಳು ಅದ್ದಿ: ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಪೂರ್ತಿ ಎಣ್ಣೆ ಬದಲಿಸಿ.